ಐದನೇ ಲಾರಿಯ ಲೆಕ್ಕ

ರೆಡಿಮಿಕ್ಸ್ ಕಾಂಕ್ರೀಟ್ ವ್ಯಾಪಾರಕ್ಕೆ ಬೇರೆ ಸರಕುಗಳಿಗಿಲ್ಲದ ಒಂದು ತೊಡಕಿದೆ. ಮಾಲು ಇಳಿದ ಕೆಲವೇ ಗಂಟೆಗಳಲ್ಲಿ ಅದು ಕಟ್ಟಡದ ಭಾಗವಾಗಿಬಿಡುತ್ತದೆ. ಬೇಡವೆಂದರೆ ವಾಪಸ್ ಕಳಿಸಲು ಅಲ್ಲಿ ಮಾಲೇ ಉಳಿದಿರುವುದಿಲ್ಲ. ಆದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಲೆಕ್ಕಕ್ಕೆ ಸಿಗುವುದು 28 ದಿನಗಳ ನಂತರ. ಈ ನಾಲ್ಕು ವಾರಗಳಲ್ಲಿ ಬಿಲ್ಲು ಹೋಗಿರುತ್ತದೆ, ಹಣ ಬಂದಿರುವುದಿಲ್ಲ, ಮೇಲಿನ ಮಹಡಿಯ ಕೆಲಸ ಶುರುವಾಗಿರುತ್ತದೆ. ಗುಣಮಟ್ಟದ ಜಗಳಗಳು ಹುಟ್ಟುವುದು ಬಹುತೇಕ ಈ ಅವಧಿಯಲ್ಲೇ. ‘ನಿಮ್ಮ ಕಾಂಕ್ರೀಟ್ ಫೇಲಾಗಿದೆ, ದುಡ್ಡು ಕೊಡುವುದಿಲ್ಲ’ ಎಂಬ ಪತ್ರ ಬಂದಾಗ ಸರಬರಾಜುದಾರ ಏನು ಬರೆಯಬೇಕು?

ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ಇದು ಯಾವ ಕಂಪನಿಯ ಕಥೆಯೂ ಅಲ್ಲ, ಈ ವ್ಯವಹಾರ ನಡೆಯುವ ರೀತಿಯನ್ನು ತೋರಿಸಲು ಕಟ್ಟಿಕೊಂಡದ್ದು. ತುಮಕೂರಿನ ಹೊರವಲಯದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಫೆಬ್ರವರಿ 12ರಂದು ಅದರ ಮೊದಲ ಮಹಡಿಯ ಚಾವಣಿಗೆ ಸಣ್ಣ ಪ್ಲಾಂಟೊಂದು ಎಂ-25 ದರ್ಜೆಯ 42 ಘನ ಮೀಟರ್ ಕಾಂಕ್ರೀಟನ್ನು ಏಳು ಲಾರಿಗಳಲ್ಲಿ, ತಲಾ ಆರು ಘನ ಮೀಟರ್‌ನಂತೆ, ಕಳಿಸಿತು. ಜಿಎಸ್‌ಟಿ ಸೇರಿ ಬಿಲ್ಲು 2,47,800 ರೂಪಾಯಿ. ಮಾರ್ಚ್ 20ರಂದು ಬಿಲ್ಡರ್ ಕಡೆಯಿಂದ ಪತ್ರ ಬಂತು. ಸೈಟಿನಲ್ಲಿ ತೆಗೆದ ಕ್ಯೂಬುಗಳ ಸರಾಸರಿ ಬಲ 25ರ ಬದಲು 19.2 ಎಂಪಿಎ ಬಂದಿದೆ, ಸುತ್ತಿಗೆ ಪರೀಕ್ಷೆಯಲ್ಲೂ ಕಡಿಮೆ ತೋರಿಸಿದೆ, ಮೇಲ್ಮೈಯಲ್ಲಿ ಬಿರುಕುಗಳಿವೆ, ಆದ್ದರಿಂದ ಇಡೀ ಬಿಲ್ಲನ್ನು ತಡೆಹಿಡಿದಿದ್ದೇವೆ ಎಂದು ಅದರಲ್ಲಿತ್ತು.

ಇಂಥ ಪತ್ರ ಓದಿದಾಗ ಮೊದಲು ಬರುವುದು ಸಿಟ್ಟು. ‘ಹಣ ಕೇಳಿದ ಮೇಲೆ ನಿಮಗೆ ದೋಷ ಕಂಡಿತೇ?’ ಎಂದು ಬರೆಯಲು ಕೈ ತುರಿಸುತ್ತದೆ. ಆ ಅನುಮಾನ ನಿಜವೇ ಇರಬಹುದು, ಆದರೆ ಅದಕ್ಕೆ ದಾಖಲೆಯಿಲ್ಲ. ಆ ಸಾಲು ಪತ್ರದಲ್ಲಿ ಬಂದರೆ ಓದುವವರ ಗಮನ ಲಾರಿ, ಕ್ಯೂಬು, ಸಹಿಗಳಿಂದ ಜಾರಿ ಮನಸ್ತಾಪದ ಕಡೆಗೆ ಹೋಗುತ್ತದೆ. ದೂರನ್ನು ತಿರಸ್ಕರಿಸುವ ಪತ್ರಕ್ಕೆ ಬಲ ಬರುವುದು ಪ್ರತಿ ವಾಕ್ಯದ ಹಿಂದೆ ಒಂದು ಕಾಗದವಿದ್ದಾಗ, ಆ ಕಾಗದ ಎಲ್ಲಿಯವರೆಗೆ ಹೇಳುತ್ತದೋ ವಾಕ್ಯವೂ ಅಲ್ಲಿಗೇ ನಿಂತಾಗ.

ದೂರು ಯಾವ ಲಾರಿಯ ಮೇಲೆ?

ಮೊದಲ ಕೆಲಸ ದೂರನ್ನು ಬಿಡಿಸಿ ನೋಡುವುದು. ಪತ್ರದಲ್ಲಿ ‘ನಿಮ್ಮ ಕಾಂಕ್ರೀಟ್’ ಎಂದಿದೆ. ಆದರೆ ಬಂದದ್ದು ಏಳು ಲಾರಿ. ಜೊತೆಗಿಟ್ಟ ಲ್ಯಾಬ್ ವರದಿಯಲ್ಲಿ ಇರುವುದು ಒಂದೇ ಮಾದರಿ, ಅಂದರೆ ಮೂರು ಕ್ಯೂಬು. ಅವುಗಳ ಮೇಲೆ ಬರೆದ ಗುರುತು ಐದನೇ ಲಾರಿಯದು. ಹಾಗಾದರೆ 42 ಘನ ಮೀಟರಿನ ಮೇಲೆ ಹೊರಿಸಿದ ಆರೋಪಕ್ಕೆ ಆಧಾರ ಆರು ಘನ ಮೀಟರಿನದು.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ 31ರಿಂದ 50 ಘನ ಮೀಟರ್ ಕಾಂಕ್ರೀಟಿಗೆ ಕನಿಷ್ಠ ನಾಲ್ಕು ಮಾದರಿ ತೆಗೆಯಬೇಕು. ಮೂರು ಕ್ಯೂಬುಗಳ ಸರಾಸರಿಯೇ ಒಂದು ಮಾದರಿಯ ಫಲಿತಾಂಶ. ಬಿಲ್ಡರ್ ತೆಗೆದದ್ದು ಒಂದು. ಇದನ್ನು ಪತ್ರದಲ್ಲಿ ಹೇಳಲೇಬೇಕು. ಹಾಗೆಂದು, ಮಾದರಿ ಕಡಿಮೆಯಿದ್ದ ಮಾತ್ರಕ್ಕೆ ಐದನೇ ಲಾರಿ ಚೆನ್ನಾಗಿತ್ತು ಎಂದಾಗುವುದಿಲ್ಲ. ಉಳಿದ ಆರು ಲಾರಿಗಳ ಹಣ ತಡೆಯಲು ಬಿಲ್ಡರ್ ಬಳಿ ಪುರಾವೆಯಿಲ್ಲ ಎಂಬಷ್ಟನ್ನೇ ಈ ಅಂಶ ಸಾಧಿಸುತ್ತದೆ.

ಈಗ ಆ ಮೂರು ಕ್ಯೂಬುಗಳ ಒಳಗೆ ಹೋಗೋಣ. ವರದಿಯಲ್ಲಿ ಸರಾಸರಿಯ ಕೆಳಗೆ ಬಿಡಿ ಅಂಕಿಗಳೂ ಇವೆ: 15.8, 19.0 ಮತ್ತು 22.8. ಒಂದೇ ಲಾರಿಯಿಂದ ಒಂದೇ ಹೊತ್ತಿನಲ್ಲಿ ತೆಗೆದ ಕ್ಯೂಬುಗಳ ಬಲ ಹೆಚ್ಚುಕಡಿಮೆ ಒಂದೇ ಇರಬೇಕು. ಬಿಡಿ ಕ್ಯೂಬು ಸರಾಸರಿಗಿಂತ ಶೇ 15ಕ್ಕಿಂತ ಹೆಚ್ಚು ಮೇಲೆ ಅಥವಾ ಕೆಳಗೆ ಹೋದರೆ ಆ ಮಾದರಿಯ ಫಲಿತಾಂಶವೇ ಅಸಿಂಧು ಎನ್ನುತ್ತದೆ ಐಎಸ್ 456. ಇಲ್ಲಿ ಸರಾಸರಿ 19.2. ಅದರ ಶೇ 15 ಎಂದರೆ 2.88. ಹಾಗಾಗಿ ಮೂರೂ ಕ್ಯೂಬುಗಳು 16.32 ಮತ್ತು 22.08ರ ನಡುವೆ ಇರಬೇಕಿತ್ತು. ಒಂದು ಕೆಳಗೆ ಬಿದ್ದಿದೆ, ಇನ್ನೊಂದು ಮೇಲೆ ಹೋಗಿದೆ.

ಇಷ್ಟು ಅಂತರ ಬಂದಾಗ ಕಾಂಕ್ರೀಟಿಗಿಂತ ಮೊದಲು ಕ್ಯೂಬು ಮಾಡಿದ ಕೈಯನ್ನು ನೋಡಬೇಕಾಗುತ್ತದೆ. 15 ಸೆಂಟಿಮೀಟರ್ ಅಚ್ಚನ್ನು ಸುಮಾರು ಐದೈದು ಸೆಂಟಿಮೀಟರಿನ ಮೂರು ಪದರಗಳಲ್ಲಿ ತುಂಬಬೇಕು. ಕೈಯಿಂದ ಕುಟ್ಟುವುದಾದರೆ ಪ್ರತಿ ಪದರಕ್ಕೂ ಕಂಬಿಯಿಂದ 35 ಪೆಟ್ಟು. ಒಂದು ದಿನದ ನಂತರ ಅಚ್ಚಿನಿಂದ ಬಿಡಿಸಿ, ಪರೀಕ್ಷೆಯವರೆಗೂ 27 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಮುಳುಗಿಸಿಡಬೇಕು. ಎಷ್ಟೋ ಸೈಟುಗಳಲ್ಲಿ ಆಗುವುದೇ ಬೇರೆ. ಅಚ್ಚನ್ನು ಒಂದೇ ಸಲ ತುಂಬಿ ಕರಣೆಯಿಂದ ಸವರುತ್ತಾರೆ, ಕ್ಯೂಬುಗಳನ್ನು ಸಿಮೆಂಟ್ ಚೀಲಗಳ ಪಕ್ಕ ಇಟ್ಟು ನೆನಪಾದಾಗ ನೀರು ಚಿಮುಕಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಲ್ಯಾಬಿಗೆ ಕ್ಯೂಬು ತಲುಪಿದ ದಿನಾಂಕ ಮಾರ್ಚ್ 10 ಎಂದು ವರದಿಯಲ್ಲೇ ಇದೆ. ಅಲ್ಲಿಯವರೆಗಿನ 26 ದಿನ ಅವು ಎಲ್ಲಿದ್ದವು ಎಂಬುದಕ್ಕೆ ಕಾಗದವಿಲ್ಲ. ‘ನೀವು ಕ್ಯೂರಿಂಗ್ ಮಾಡಿಲ್ಲ’ ಎಂದು ಸರಬರಾಜುದಾರ ಬರೆಯುವಂತಿಲ್ಲ, ಏಕೆಂದರೆ ಅವನು ನೋಡಿಲ್ಲ. ‘ಕ್ಯೂರಿಂಗ್ ಮಾಡಿದ ದಾಖಲೆ ಕೊಡಿ’ ಎಂದು ಕೇಳಬಹುದು.

ನಮ್ಮ ವರದಿ ಎಷ್ಟು ಹೇಳುತ್ತದೆ?

ಇನ್ನು ಸರಬರಾಜುದಾರನ ಕಡೆಯ ಕಾಗದ. ಅವನ ಗುಣಮಟ್ಟ ವಿಭಾಗ ನಾಲ್ಕು ಮಾದರಿ ತೆಗೆದಿತ್ತು. ಒಂದು ಮತ್ತು ಎರಡನೇ ಲಾರಿಯದನ್ನು ಪ್ಲಾಂಟಿನಲ್ಲಿ, ಮೂರು ಮತ್ತು ಆರನೇ ಲಾರಿಯದನ್ನು ಸೈಟಿನಲ್ಲಿ, ಬಿಲ್ಡರ್ ಕಡೆಯ ಎಂಜಿನಿಯರ್ ಸಹಿಯೊಂದಿಗೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ 28 ದಿನಕ್ಕೆ ಬಂದ ಫಲಿತಾಂಶಗಳು 31.0, 29.5, 32.0 ಮತ್ತು 30.5. ಸರಾಸರಿ 30.75.

ಎಂ-25ಕ್ಕೆ 25 ಬಂದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು. ಕಾಂಕ್ರೀಟಿನ ಬಲ ಒಂದು ಮಾದರಿಯಿಂದ ಇನ್ನೊಂದಕ್ಕೆ ಏರುಪೇರಾಗುತ್ತದೆ. 25ಕ್ಕಿಂತ ಕೆಳಗೆ ಬೀಳುವ ಫಲಿತಾಂಶ ನೂರಕ್ಕೆ ಐದನ್ನು ಮೀರಬಾರದು ಎಂಬುದು ದರ್ಜೆಯ ಅರ್ಥ. ಅದಕ್ಕಾಗಿ ಸತತ ನಾಲ್ಕು ಮಾದರಿಗಳ ಸರಾಸರಿ ದರ್ಜೆಗಿಂತ ಕನಿಷ್ಠ 3 ಎಂಪಿಎ ಮೇಲಿರಬೇಕು. ಆ ಪ್ಲಾಂಟಿನ ಏರುಪೇರು ಹೆಚ್ಚಿದ್ದರೆ ಇನ್ನೂ ಸ್ವಲ್ಪ ಮೇಲಿರಬೇಕು. ಈ ಪ್ಲಾಂಟಿಗೆ ಆ ಗೆರೆ 28.5 ಎಂದಿಟ್ಟುಕೊಳ್ಳೋಣ. 30.75 ಅದನ್ನು ದಾಟಿದೆ.

ಆದರೆ ಚುರುಕಾದ ಓದುಗರೊಬ್ಬರು ಇಲ್ಲಿ ಬೆರಳಿಡಬಹುದು. ದೂರು ಇರುವುದು ಐದನೇ ಲಾರಿಯ ಮೇಲೆ, ಸರಬರಾಜುದಾರನ ನಾಲ್ಕು ಮಾದರಿಗಳಲ್ಲಿ ಐದನೇ ಲಾರಿಯೇ ಇಲ್ಲ. ಲ್ಯಾಬ್ ವರದಿಗಳ ಕೆಳಗೆ ಸಾಮಾನ್ಯವಾಗಿ ‘ಈ ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ’ ಎಂಬ ಸಾಲಿರುತ್ತದೆ. ಬಿಲ್ಡರನ ವರದಿಯನ್ನು ಕಟ್ಟಿಹಾಕುವ ಆ ಸಾಲು ಸರಬರಾಜುದಾರನ ವರದಿಯನ್ನೂ ಕಟ್ಟಿಹಾಕುತ್ತದೆ. ಪ್ಲಾಂಟಿನಲ್ಲಿ ತೆಗೆದ ಮಾದರಿ ಗೇಟು ದಾಟುವಾಗಿನ ಕಾಂಕ್ರೀಟಿನ ಬಗ್ಗೆ ಹೇಳುತ್ತದೆಯೇ ಹೊರತು ಪಂಪಿಗೆ ಸುರಿದ ಕಾಂಕ್ರೀಟಿನ ಬಗ್ಗೆ ಅಲ್ಲ. ಆದ್ದರಿಂದ ಐದನೇ ಲಾರಿಗೆ ಬೇರೆ ಸಾಕ್ಷಿ ಬೇಕು.

ಮೊದಲ ಸಾಕ್ಷಿ ಬ್ಯಾಚ್ ಶೀಟ್. ಪ್ಲಾಂಟಿನ ಕಂಪ್ಯೂಟರ್ ಪ್ರತಿ ಲಾರಿಗೂ ಸಿಮೆಂಟ್, ಎಂ-ಸ್ಯಾಂಡ್, ಜಲ್ಲಿ, ನೀರು ಎಷ್ಟೆಷ್ಟು ಹಾಕಬೇಕಿತ್ತು, ನಿಜಕ್ಕೂ ಎಷ್ಟು ಬಿತ್ತು ಎಂದು ಮುದ್ರಿಸುತ್ತದೆ. ಘನ ಮೀಟರಿಗೆ 330 ಕೆ.ಜಿ.ಯಂತೆ ಐದನೇ ಲಾರಿಗೆ 1,980 ಕೆ.ಜಿ. ಸಿಮೆಂಟ್ ಬೇಕಿತ್ತು, ಬಿದ್ದದ್ದು 1,992. ಸಿಮೆಂಟ್ ತೂಕಕ್ಕೆ ಮಾನಕ ಒಪ್ಪುವ ವ್ಯತ್ಯಾಸ ಶೇ 2, ಇದು ಶೇ 1ಕ್ಕೂ ಕಡಿಮೆ. ತೂಕದ ಯಂತ್ರದ ಕ್ಯಾಲಿಬ್ರೇಷನ್ ಪ್ರಮಾಣಪತ್ರವೂ ಜೊತೆಗಿದ್ದರೆ ಈ ಅಂಕಿಗೆ ತೂಕ ಬರುತ್ತದೆ, ಇಲ್ಲದಿದ್ದರೆ ಅದು ಬರೀ ಪ್ರಿಂಟೌಟ್.

ಡೆಲಿವರಿ ಚಲನ್ ಬಾಯಿ ಬಿಟ್ಟಾಗ

ಎರಡನೇ ಸಾಕ್ಷಿ ಲಾರಿ ಚಾಲಕ ಸೈಟಿನಲ್ಲಿ ಸಹಿ ಹಾಕಿಸಿಕೊಂಡು ತರುವ ಚಲನ್. ರೆಡಿಮಿಕ್ಸ್ ಚಲನ್‌ನಲ್ಲಿ ಲೋಡ್ ಆದ ಹೊತ್ತು, ಸೈಟಿಗೆ ತಲುಪಿದ ಹೊತ್ತು, ಖಾಲಿಯಾದ ಹೊತ್ತು, ಸ್ಲಂಪ್, ಸೈಟಿನಲ್ಲಿ ಏನಾದರೂ ಬೆರೆಸಿದ್ದರೆ ಅದರ ವಿವರ ಎಲ್ಲವೂ ಇರಬೇಕು. ಐದನೇ ಲಾರಿಯ ಚಲನ್ ಹೀಗಿದೆ: ಲೋಡ್ 11.10, ತಲುಪಿದ್ದು 11.55, ಖಾಲಿಯಾದದ್ದು 1.25. ತಲುಪಿದಾಗ ಸ್ಲಂಪ್ 110 ಮಿಲಿಮೀಟರ್. ಕೆಳಗೆ ಪೆನ್ನಿನಲ್ಲಿ ಒಂದು ಸಾಲು: ‘ಪಂಪ್ ಪೈಪ್ ಬ್ಲಾಕ್. ಅರ್ಧ ಲೋಡ್ ಉಳಿದಾಗ ಸೈಟಿನವರು ಕೇಳಿದ್ದಕ್ಕೆ 80 ಲೀಟರ್ ನೀರು ಹಾಕಿದೆ.’ ಪಕ್ಕದಲ್ಲಿ ಸೈಟ್ ಸೂಪರ್‌ವೈಸರ್ ಸಹಿ.

ರೆಡಿಮಿಕ್ಸ್ ಮಾನಕ ಐಎಸ್ 4926 ಸಾಮಾನ್ಯವಾಗಿ ಲೋಡ್ ಆದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕು ಎನ್ನುತ್ತದೆ. ಈ ಲಾರಿಗೆ ಎರಡೂಕಾಲು ಗಂಟೆ ಹಿಡಿದಿದೆ. ಅದರಲ್ಲಿ ದಾರಿಯಲ್ಲಿ ಕಳೆದದ್ದು ಮುಕ್ಕಾಲು ಗಂಟೆ, ಸೈಟಿನಲ್ಲಿ ನಿಂತದ್ದು ಒಂದೂವರೆ ಗಂಟೆ. ಜಿಪಿಎಸ್ ದಾಖಲೆಯೂ ಇದನ್ನೇ ಹೇಳಿದರೆ ತಡ ಎಲ್ಲಾಯಿತು ಎಂಬ ಪ್ರಶ್ನೆ ಮುಗಿಯುತ್ತದೆ.

ನೀರಿನ ಸಾಲು ಇನ್ನೂ ಮುಖ್ಯ. ಮಿಶ್ರಣದಲ್ಲಿ ಘನ ಮೀಟರಿಗೆ 165 ಲೀಟರ್ ನೀರು, 330 ಕೆ.ಜಿ. ಸಿಮೆಂಟ್, ಅಂದರೆ ನೀರು-ಸಿಮೆಂಟ್ ಪ್ರಮಾಣ 0.50. ಉಳಿದಿದ್ದ ಮೂರು ಘನ ಮೀಟರಿಗೆ 80 ಲೀಟರ್ ಸೇರಿಸಿದಾಗ ಅದು ಸುಮಾರು 0.58ಕ್ಕೆ ಏರುತ್ತದೆ. ಹೆಚ್ಚುವರಿ ನೀರು ಗಟ್ಟಿಯಾಗುವ ಕೆಲಸಕ್ಕೆ ಬಳಕೆಯಾಗದೆ ಆರಿಹೋಗಿ ಒಳಗೆ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಇಷ್ಟು ಏರಿಕೆಗೆ ಬಲ ಎದ್ದು ಕಾಣುವಷ್ಟು ಕುಸಿಯುತ್ತದೆ. ಆ ಕ್ಯೂಬುಗಳನ್ನು ನೀರು ಹಾಕುವ ಮೊದಲು ತೆಗೆದರೋ ಆಮೇಲೋ ಎಂಬುದು ಬಿಲ್ಡರನ ವರದಿಯಲ್ಲಿಲ್ಲ. ಪತ್ರದಲ್ಲಿ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದೇ.

ಹಾಗೆಂದು ಈ ಸಾಲು ಸರಬರಾಜುದಾರನನ್ನು ಪೂರ್ತಿ ಬಿಡುಗಡೆ ಮಾಡುವುದಿಲ್ಲ. ನೀರು ಸುರಿದ ಕೈ ಅವನ ಚಾಲಕನದೇ. ಖರೀದಿ ಆದೇಶದಲ್ಲಿ ‘ಸೈಟಿನ ಕೋರಿಕೆಯ ಮೇಲೆ ನೀರು ಬೆರೆಸಿದರೆ ಹೊಣೆ ಖರೀದಿದಾರರದು’ ಎಂಬ ಷರತ್ತಿದ್ದು, ಸಹಿ ಹಾಕಿದವರಿಗೆ ಆ ಅಧಿಕಾರವಿದ್ದರೆ ವಾದ ಗಟ್ಟಿ. ಷರತ್ತಿಲ್ಲದಿದ್ದರೆ ‘ಬೇಡವೆಂದು ನೀವೇಕೆ ಹೇಳಲಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಚಲನ್‌ನಲ್ಲಿ ಆ ಸಾಲೇ ಇಲ್ಲದೆ, ಜಗಳದ ನಂತರ ಚಾಲಕ ‘ಅವರೇ ಹಾಕಿಸಿದರು ಸಾರ್’ ಎಂದರೆ ಅದಕ್ಕೆ ಬೆಲೆ ಇನ್ನೂ ಕಡಿಮೆ.

ದೂರಿನ ಉಳಿದೆರಡು ಅಂಶಗಳನ್ನು ಪತ್ರ ಚಿಕ್ಕದಾಗಿ ಮುಗಿಸಬಹುದು. ಸುತ್ತಿಗೆ ಪರೀಕ್ಷೆ, ಅಂದರೆ ರಿಬೌಂಡ್ ಹ್ಯಾಮರ್, ಮೇಲ್ಮೈಯ ಗಡಸುತನದಿಂದ ಬಲವನ್ನು ಅಂದಾಜಿಸುವ ವಿಧಾನ. ಆ ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದೆಂದು ಅದರ ಮಾನಕವೇ ಹೇಳುವುದರಿಂದ ಬಿಲ್ಲು ತಡೆಯಲು ಅದೊಂದೇ ಆಧಾರವಾಗದು. ಬಿರುಕಿನ ವಿಷಯದಲ್ಲಿ ಎಚ್ಚರ ಬೇಕು. ಕಾಂಕ್ರೀಟ್ ಹಾಕಿದ ಮರುದಿನವೇ ಬಿಲ್ಡರ್ ಅದರ ಬಗ್ಗೆ ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದ. ಬಿಸಿಲು ಗಾಳಿಗೆ ಮೇಲ್ಪದರದ ನೀರು ಬೇಗ ಆರಿದರೆ ಮೊದಲ ಕೆಲವೇ ಗಂಟೆಗಳಲ್ಲಿ ಇಂಥ ಬಿರುಕು ಬರುತ್ತದೆ, ಅದನ್ನು ತಡೆಯುವುದು ಸೈಟಿನವರ ಕೆಲಸ. ಆದರೆ ಫೋಟೊ ನೋಡಿ ಕಾರಣ ನಿರ್ಧರಿಸಲಾಗದು. ‘ಸಾಧ್ಯತೆ’ ಎಂಬ ಪದಕ್ಕೆ ಅಲ್ಲಿ ಜಾಗ ಬೇಕು.

ಪತ್ರ ಹೀಗಿರಬಹುದು

ಇಷ್ಟನ್ನೂ ಕೂಡಿಸಿದರೆ ಉತ್ತರದ ತಿರುಳು ಹೀಗೆ ಬರುತ್ತದೆ:

> ಮಾನ್ಯರೇ,
>
> ತಮ್ಮ ಮಾರ್ಚ್ 20ರ ಪತ್ರ ತಲುಪಿದೆ. ಫೆಬ್ರವರಿ 12ರಂದು ನಾವು ಸರಬರಾಜು ಮಾಡಿದ ಎಂ-25 ಕಾಂಕ್ರೀಟ್ ದೋಷಯುಕ್ತ ಎಂಬ ತಮ್ಮ ನಿಲುವನ್ನು ಕೆಳಗಿನ ಕಾರಣಗಳಿಗಾಗಿ ನಾವು ಒಪ್ಪುವುದಿಲ್ಲ.
>
> 1. ತಮ್ಮ ವರದಿ ಐದನೇ ಲಾರಿಯ ಒಂದು ಮಾದರಿಗೆ ಸಂಬಂಧಿಸಿದ್ದು. ಉಳಿದ ಆರು ಲಾರಿಗಳ ಬಗ್ಗೆ ತಾವು ಯಾವ ಪರೀಕ್ಷಾ ವರದಿಯನ್ನೂ ಕಳಿಸಿಲ್ಲ.
>
> 2. ಆ ಮಾದರಿಯ ಬಿಡಿ ಫಲಿತಾಂಶಗಳು ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ದೂರವಿವೆ. ಐಎಸ್ 456ರ ಪ್ರಕಾರ ಅದು ಅಸಿಂಧು. ಕ್ಯೂಬು ತೆಗೆದ ಹೊತ್ತು ಮತ್ತು ಕ್ಯೂರಿಂಗ್ ದಾಖಲೆಯನ್ನು ದಯವಿಟ್ಟು ಕಳಿಸಿ.
>
> 3. ನಮ್ಮ ನಾಲ್ಕು ಮಾದರಿಗಳ ಸರಾಸರಿ 30.75 ಎಂಪಿಎ (ಅನುಬಂಧ 1). ಇವುಗಳಲ್ಲಿ ಎರಡನ್ನು ತಮ್ಮ ಎಂಜಿನಿಯರ್ ಎದುರಲ್ಲೇ ತೆಗೆಯಲಾಗಿದೆ. ಐದನೇ ಲಾರಿಯಿಂದ ನಾವು ಮಾದರಿ ತೆಗೆದಿಲ್ಲ. ಅದರ ಬ್ಯಾಚ್ ಶೀಟ್ ಮತ್ತು ಕ್ಯಾಲಿಬ್ರೇಷನ್ ಪ್ರಮಾಣಪತ್ರ ಅನುಬಂಧ 2ರಲ್ಲಿವೆ.
>
> 4. ಐದನೇ ಲಾರಿ ತಮ್ಮ ಸೈಟಿನಲ್ಲಿ ಒಂದೂವರೆ ಗಂಟೆ ನಿಂತಿತ್ತು. ತಮ್ಮವರ ಕೋರಿಕೆಯಂತೆ 80 ಲೀಟರ್ ನೀರು ಸೇರಿಸಲಾಗಿದೆ. ಸಹಿಯಿರುವ ಚಲನ್ ಅನುಬಂಧ 3ರಲ್ಲಿದೆ.
>
> 5. ಫೆಬ್ರವರಿ 13ರಂದು ಬಿರುಕಿನ ಬಗ್ಗೆ ತಾವು ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಮತ್ತು ಅದೇ ದಿನದ ನಮ್ಮ ಉತ್ತರ ಅನುಬಂಧ 4ರಲ್ಲಿವೆ.
>
> ಐದನೇ ಲಾರಿಯ ಭಾಗದ ಬಗ್ಗೆ ಅನುಮಾನ ಉಳಿದಿದ್ದರೆ, ಇಬ್ಬರೂ ಒಪ್ಪುವ ಲ್ಯಾಬಿನಿಂದ ಮೂರು ಕೋರ್ ತೆಗೆಸಿ ಪರೀಕ್ಷಿಸಲು ಸಿದ್ಧರಿದ್ದೇವೆ. ಉಳಿದ ಆರು ಲಾರಿಗಳ ಹಣವನ್ನು ತಡೆಯಲು ಕಾರಣವಿಲ್ಲದ್ದರಿಂದ ಅದನ್ನು ಈಗಲೇ ಪಾವತಿಸಬೇಕೆಂದು ಕೋರುತ್ತೇವೆ.

ಪತ್ರದಲ್ಲಿ ಎರಡು ಕಡೆ ಸರಬರಾಜುದಾರ ತನಗೆ ಅನುಕೂಲವಲ್ಲದ್ದನ್ನೂ ಬರೆದಿದ್ದಾನೆ: ಐದನೇ ಲಾರಿಯ ಮಾದರಿ ತೆಗೆದಿಲ್ಲವೆಂಬುದು ಮತ್ತು ಬಿರುಕಿನ ಸಂದೇಶ ಬಂದಿತ್ತೆಂಬುದು. ಇವೆರಡೂ ಎದುರು ಪಕ್ಷದ ಕೈಯಲ್ಲಿ ಹೇಗೂ ಇವೆ. ಮುಚ್ಚಿಟ್ಟರೆ ಉಳಿದ ಅನುಬಂಧಗಳ ಮೇಲೂ ಅನುಮಾನ ಬರುತ್ತದೆ.

ಹದಿನೈದು ದಿನದ ಗಡಿಯಾರ

ಎಂಎಸ್‌ಎಂಇ ಕಾಯ್ದೆಯ ಹೆಸರು ಇಂಥ ಪತ್ರಗಳಲ್ಲಿ ಬಂದೇ ಬರುತ್ತದೆ. 2006ರ ಈ ಕಾಯ್ದೆಯ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತವಾಗಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ. ಒಪ್ಪಂದ ಏನೇ ಇರಲಿ, ಸ್ವೀಕರಿಸಿದ 45 ದಿನಕ್ಕಿಂತ ಆಚೆಗೆ ಪಾವತಿಯನ್ನು ತಳ್ಳುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸರಬರಾಜುದಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿರಬೇಕು. ಉದ್ಯಮ್ ನೋಂದಣಿ ಸರಬರಾಜಿಗೆ ಮೊದಲೇ ಆಗಿದ್ದರೆ ಕ್ಷೇಮ.

ನಮ್ಮ ಉದಾಹರಣೆಯಲ್ಲಿ ದೂರು ಬಂದದ್ದು 36ನೇ ದಿನ. ‘ಗಡುವು ಮುಗಿದಿದೆ, ನಿಮ್ಮ ದೂರು ಬಿದ್ದುಹೋಯಿತು’ ಎಂದು ಬರೆದರೆ ಆಗದೇ? ಆಗದು. ಆ 15 ದಿನ ಪಾವತಿಯ ಗಡಿಯಾರವನ್ನು ಶುರುಮಾಡುತ್ತದೆ, ಗುಣಮಟ್ಟದ ಬಾಗಿಲನ್ನು ಮುಚ್ಚುವುದಿಲ್ಲ. 28 ದಿನಕ್ಕೆ ತಿಳಿಯುವ ದೋಷವನ್ನು 15 ದಿನದೊಳಗೆ ಹೇಳಬೇಕಿತ್ತು ಎನ್ನುವುದರಲ್ಲಿ ನ್ಯಾಯವೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾಲನ್ನು ಸ್ವೀಕರಿಸಿದ ಖರೀದಿದಾರ ಸಾಮಾನ್ಯವಾಗಿ ಅದನ್ನು ತಿರಸ್ಕರಿಸುವ ಹಕ್ಕು ಕಳೆದುಕೊಳ್ಳುತ್ತಾನೆ. ಆದರೆ ದೋಷವನ್ನು ಸಾಬೀತು ಮಾಡಿ ನಷ್ಟ ಕೇಳುವ, ಅದನ್ನು ಬೆಲೆಯಲ್ಲಿ ಮುರಿದುಕೊಳ್ಳುವ ಹಕ್ಕು ಅವನಿಗೆ ಉಳಿದಿರುತ್ತದೆ.

ಮೇಲಾಗಿ ಫೆಬ್ರವರಿ 13ರ ವಾಟ್ಸ್ಆ್ಯಪ್ ಸಂದೇಶವೂ ಲಿಖಿತವೇ. ‘ಬಿರುಕು ಬಿಟ್ಟಿದೆ, ಏನು ಮಾಡೋಣ?’ ಎಂಬ ಮಾತು ಆಕ್ಷೇಪವೋ ಸಲಹೆಯ ಕೋರಿಕೆಯೋ ಎಂದು ವಾದಿಸಬಹುದು. ‘ಯಾವ ದೂರೂ ಬಂದಿರಲಿಲ್ಲ’ ಎಂದು ಬರೆದರೆ ಮಾತ್ರ ಸುಳ್ಳಾಗುತ್ತದೆ. ಜಗಳ ಎಂಎಸ್‌ಎಂಇ ನೆರವು ಮಂಡಳಿಗೋ ನ್ಯಾಯಾಲಯಕ್ಕೋ ಹೋಗುವ ಸಾಧ್ಯತೆಯಿದ್ದರೆ ಇನ್ನೊಂದು ಸಿದ್ಧತೆ ಬೇಕು. ಬ್ಯಾಚ್ ಪ್ರಿಂಟೌಟ್, ಜಿಪಿಎಸ್, ವಾಟ್ಸ್ಆ್ಯಪ್ ಎಲ್ಲವೂ ವಿದ್ಯುನ್ಮಾನ ದಾಖಲೆಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇವುಗಳ ಮುದ್ರಿತ ಪ್ರತಿಗೆ ಪ್ರಮಾಣಪತ್ರ ಕೇಳುತ್ತದೆ. ಮೂಲ ದತ್ತಾಂಶ ಅಳಿಸಿಹೋಗುವ ಮೊದಲೇ ಎತ್ತಿಡಬೇಕು.

ಕೋರ್ ಹೇಳುವ ಮಾತು

ಕೋರ್ ಎಂದರೆ ಗಟ್ಟಿಯಾದ ಚಾವಣಿಯಿಂದಲೇ ಕೊರೆದು ತೆಗೆದ ಕಾಂಕ್ರೀಟಿನ ಸಿಲಿಂಡರ್ ಆಕಾರದ ತುಂಡು. ಅಚ್ಚಿನ ಕ್ಯೂಬು ಅನುಮಾನಕ್ಕೆ ಬಿದ್ದಾಗ ಉಳಿಯುವ ದಾರಿ ಇದು. ಯಾವ ಲಾರಿಯ ಕಾಂಕ್ರೀಟ್ ಎಲ್ಲಿ ಬಿತ್ತು ಎಂದು ತೋರಿಸುವ ನಕ್ಷೆ ಸೈಟಿನಲ್ಲಿರಬೇಕು, ಇಲ್ಲದಿದ್ದರೆ ಐದನೇ ಲಾರಿಯ ಜಾಗವನ್ನು ಹುಡುಕುವುದೇ ಇನ್ನೊಂದು ಜಗಳವಾಗುತ್ತದೆ. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಬಲವನ್ನು ಕ್ಯೂಬಿನ ಲೆಕ್ಕಕ್ಕೆ ಪರಿವರ್ತಿಸಿದಾಗ ಸರಾಸರಿ ದರ್ಜೆಯ ಶೇ 85ಕ್ಕೆ, ಪ್ರತಿಯೊಂದೂ ಶೇ 75ಕ್ಕೆ ಕಡಿಮೆಯಿಲ್ಲದಿದ್ದರೆ ಆ ಭಾಗದ ಕಾಂಕ್ರೀಟ್ ಸ್ವೀಕಾರಾರ್ಹ. ಎಂ-25ಕ್ಕೆ ಈ ಗೆರೆಗಳು 21.25 ಮತ್ತು 18.75.

ಮೂರು ಕೋರ್‌ಗಳು 23.0, 24.5 ಮತ್ತು 22.1 ಬಂದವೆನ್ನೋಣ. ಸರಾಸರಿ 23.2. ಚಾವಣಿ ಪಾಸಾಯಿತು, ಹಣ ತಡೆಯಲು ಕಾರಣ ಉಳಿಯಲಿಲ್ಲ. ಆದರೆ ‘ನೀರು ಹಾಕಿದ್ದರಿಂದಲೇ 30ರಿಂದ 23ಕ್ಕೆ ಇಳಿಯಿತು’ ಎಂದು ಸರಬರಾಜುದಾರ ಇದರಿಂದ ಸಾಧಿಸಲಾರ. ಕಟ್ಟಡದೊಳಗಿನ ಕಾಂಕ್ರೀಟ್ ಲ್ಯಾಬಿನ ನೀರಿನಲ್ಲಿ ಮುಳುಗಿ ಬೆಳೆದಿರುವುದಿಲ್ಲ, ಹಾಗಾಗಿ ಕೋರ್ ಬಲ ಸಾಮಾನ್ಯವಾಗಿಯೇ ಕ್ಯೂಬಿಗಿಂತ ಕಡಿಮೆ. ಶೇ 85ರ ರಿಯಾಯಿತಿ ಇರುವುದೂ ಅದಕ್ಕಾಗಿ. ಸರಾಸರಿ 20 ಬಂದಿದ್ದರೆ ಆಗ ಚಲನ್‌ನ ಆ ಪೆನ್ನಿನ ಸಾಲು, ಅದರ ಪಕ್ಕದ ಸಹಿ ಮತ್ತು ಖರೀದಿ ಆದೇಶದ ಷರತ್ತು ಸೇರಿ ನಷ್ಟ ಯಾರದೆಂದು ತೀರ್ಮಾನಿಸುತ್ತಿದ್ದವು.

ಎರಡೂ ಸಂದರ್ಭಗಳಲ್ಲಿ ಜಗಳ ಆರು ಘನ ಮೀಟರಿನ, ಅಂದರೆ ಸುಮಾರು 35,000 ರೂಪಾಯಿ ಮಾಲಿನ ಸುತ್ತ ಮಾತ್ರ ಉಳಿಯುತ್ತದೆ. ದುರಸ್ತಿಯ ಖರ್ಚು ಬೇರೆ ಪ್ರಶ್ನೆಯಾಗಿ ಬರಬಹುದು, ಆದರೆ ಉಳಿದ ಆರು ಲಾರಿಗಳ 2 ಲಕ್ಷಕ್ಕೂ ಮಿಕ್ಕಿದ ಹಣ ಆ ಚರ್ಚೆಯಿಂದ ಹೊರಗೆ ಬಂದಿರುತ್ತದೆ. ಎರಡೂವರೆ ಲಕ್ಷದ ದೂರನ್ನು ಒಂದು ಲಾರಿಯ ಅಳತೆಗೆ ಇಳಿಸಿದ್ದು ಪತ್ರದ ಜೊತೆ ಹೋದ ನಾಲ್ಕು ಅನುಬಂಧಗಳು. ಅವುಗಳಲ್ಲಿ ಮೂರು ದೂರು ಹುಟ್ಟುವುದಕ್ಕೆ ಎಷ್ಟೋ ದಿನ ಮೊದಲೇ, ಕಾಂಕ್ರೀಟ್ ಹಾಕಿದ ಒಂದೆರಡು ದಿನದೊಳಗೇ ತಯಾರಾಗಿದ್ದವು.